ಇದು ಅವರದೇ ಮುಖವೆಂದು ಯಂತ್ರಕ್ಕೆ ಹೇಳುವವರು ಯಾರು?

2016ರ ಅಕ್ಟೋಬರ್‌ನಲ್ಲಿ ‘ನಾಗರಹಾವು’ ಚಿತ್ರ ತೆರೆಗೆ ಬಂದಾಗ ವಿಷ್ಣುವರ್ಧನ್ ತೀರಿಕೊಂಡು ಏಳು ವರ್ಷ ಆಗುತ್ತ ಬಂದಿತ್ತು. ಆದರೂ ಆ ಚಿತ್ರದಲ್ಲಿ ಅವರಿದ್ದರು. ಬೇರೊಬ್ಬರ ಮೈಮೇಲೆ ಗ್ರಾಫಿಕ್ಸ್ ಕಲಾವಿದರು ಅವರ ಮುಖವನ್ನು ಕೂರಿಸಿದ್ದರು. ಚಿತ್ರಮಂದಿರದಲ್ಲಿ ಕೂತ ಅಭಿಮಾನಿಗಳು ನೋಡಿದ್ದು ಒಂದನ್ನೇ: ಇದು ನಮ್ಮ ವಿಷ್ಣು ಹೌದೋ ಅಲ್ಲವೋ? ಅವರ 200ಕ್ಕೂ ಹೆಚ್ಚು ಚಿತ್ರಗಳಲ್ಲಿ ಪಳಗಿದ ಕಣ್ಣುಗಳಿಗೆ ಬೇರೆ ಅಳತೆಗೋಲು ಬೇಕಿರಲಿಲ್ಲ.

ಅಲ್ಲಿ ಕಲಾವಿದರು ಕೂತು ತಿದ್ದಿ ತೀಡಿ ಮಾಡಿದ ಕೆಲಸವನ್ನು ಇವತ್ತು ತಾನಾಗಿಯೇ ಮಾಡುವ ಫೇಸ್ ಸ್ವಾಪ್ ಮಾಡೆಲ್‌ಗಳಿವೆ. ಅಂಥದೊಂದು ಮಾಡೆಲ್ ಕಲಿಯುವ ಹಂತದಲ್ಲಿ ಲಕ್ಷಾಂತರ ಸಲ ಒಬ್ಬರ ಮುಖವನ್ನು ಇನ್ನೊಬ್ಬರ ಮೇಲೆ ಕೂರಿಸಿ ನೋಡುತ್ತದೆ. ಪ್ರತಿ ಸಲವೂ ಯಾರಾದರೂ ಅದಕ್ಕೆ ‘ಹೌದು, ಅವರೇ’ ಎಂದೋ ‘ಇಲ್ಲ, ಇನ್ನೂ ದೂರವಿದೆ’ ಎಂದೋ ಹೇಳಬೇಕು. ಪ್ರತಿ ಚಿತ್ರಕ್ಕೂ ಒಬ್ಬ ಅಭಿಮಾನಿಯನ್ನು ಕೂರಿಸಲು ಆಗುವುದಿಲ್ಲ. ಆದ್ದರಿಂದ ಆ ಜಾಗದಲ್ಲಿ ಇನ್ನೊಂದು ಮಾಡೆಲನ್ನೇ ತೀರ್ಪುಗಾರನಾಗಿ ಕೂರಿಸುತ್ತಾರೆ. ಅದು ಕೊಡುವ ತಪ್ಪಿನ ಅಂಕವೇ ಐಡೆಂಟಿಟಿ ಲಾಸ್. ಹೆಸರು ಕೇಳಿದರೆ ಗುರುತು ಕಳೆದುಹೋಯಿತು ಅನ್ನಿಸಬಹುದು. ಈ ಕ್ಷೇತ್ರದಲ್ಲಿ ಲಾಸ್ ಎಂದರೆ ಮಾಡೆಲ್ ಎಷ್ಟು ತಪ್ಪಿದೆ ಎಂಬ ಲೆಕ್ಕ, ಅಷ್ಟೇ. ಈ ಅಂಕವನ್ನು ಕಡಿಮೆ ಮಾಡುತ್ತ ಹೋಗುವುದೇ ಮಾಡೆಲಿನ ಕಲಿಕೆ.

ಇದನ್ನು ವಿವರಿಸಲು ಸಿಮ್‌ಸ್ವಾಪ್ ಎಂಬ ಮಾಡೆಲನ್ನು ಆರಿಸಿಕೊಳ್ಳುತ್ತೇನೆ. ಚೀನಾದ ಶಾಂಘೈ ಜಿಯಾವೊ ಟಾಂಗ್ ವಿಶ್ವವಿದ್ಯಾಲಯ ಮತ್ತು ಟೆನ್ಸೆಂಟ್ ಕಂಪನಿಯ ಸಂಶೋಧಕರು 2020ರಲ್ಲಿ ಇದನ್ನು ಪ್ರಕಟಿಸಿದರು. ಇದರ ಒಳಗಿನ ಕೆಲಸ ಸರಳವಾಗಿದೆ, ಪ್ರಬಂಧವೂ ಕೋಡ್ ಕೂಡ ಎಲ್ಲರಿಗೂ ಸಿಗುತ್ತವೆ.

ಫೇಸ್ ಸ್ವಾಪ್‌ನಲ್ಲಿ ಎರಡು ಫೋಟೊ ಇರುತ್ತವೆ. ಯಾರ ಮುಖ ಬೇಕೋ ಅವರದು ಸೋರ್ಸ್. ಯಾವ ದೃಶ್ಯದಲ್ಲಿ ಆ ಮುಖ ಕೂರಬೇಕೋ ಅದು ಟಾರ್ಗೆಟ್. ಒಬ್ಬ ಮೇಷ್ಟ್ರ ಪಾಸ್‌ಪೋರ್ಟ್ ಅಳತೆಯ ಫೋಟೊ ಸೋರ್ಸ್ ಎಂದುಕೊಳ್ಳೋಣ: ನೇರ ನೋಟ, ಮುಚ್ಚಿದ ಬಾಯಿ, ಸ್ಟುಡಿಯೊ ಬೆಳಕು. ಬಿಸಿಲಲ್ಲಿ ನಿಂತು ಪಕ್ಕಕ್ಕೆ ತಿರುಗಿ ಬಾಯ್ತುಂಬ ನಗುತ್ತಿರುವ ಯುವಕನೊಬ್ಬನ ಫೋಟೊ ಟಾರ್ಗೆಟ್. ಕೊನೆಗೆ ಬರುವ ಚಿತ್ರದಲ್ಲಿ ಮೇಷ್ಟ್ರು ಅದೇ ಬಿಸಿಲಿನಲ್ಲಿ, ಅದೇ ಕೋನದಲ್ಲಿ ತಿರುಗಿ, ಅಷ್ಟೇ ಬಾಯ್ತುಂಬ ನಗುತ್ತಿರಬೇಕು.

ತೊಡಕು ಇರುವುದು ಇಲ್ಲೇ. ಮೇಷ್ಟ್ರು ಆ ಜಾಗದಲ್ಲಿ ಹಾಗೆ ನಕ್ಕಿದ್ದೇ ಇಲ್ಲ. ಅಂಥ ಫೋಟೊ ಜಗತ್ತಿನಲ್ಲಿ ಎಲ್ಲೂ ಇಲ್ಲ. ಮಸುಕಾದ ಫೋಟೊವನ್ನು ಸ್ಪಷ್ಟ ಮಾಡಲು ಕಲಿಯುವ ಮಾಡೆಲಿಗೆ ಸರಿಯುತ್ತರ ಇರುತ್ತದೆ. ಸ್ಪಷ್ಟವಾದ ಮೂಲ ಫೋಟೊವನ್ನು ಪಕ್ಕದಲ್ಲಿಟ್ಟು ಬಿಂದು ಬಿಂದುವನ್ನೂ ಹೋಲಿಸಿ ತಿದ್ದಬಹುದು. ಫೇಸ್ ಸ್ವಾಪ್ ಮಾಡೆಲಿಗೆ ಆ ಸೌಲಭ್ಯವಿಲ್ಲ. ಸರಿಯುತ್ತರವೇ ಇಲ್ಲದಿದ್ದಾಗ ಚಿತ್ರವನ್ನು ಚಿತ್ರದೊಂದಿಗೆ ಹೋಲಿಸುವ ಮಾತು ಬಿಟ್ಟು, ಚಿತ್ರದಲ್ಲಿರುವ ವ್ಯಕ್ತಿಯನ್ನು ಹೋಲಿಸಬೇಕಾಗುತ್ತದೆ. ನೆರಳು, ನಗು, ಕತ್ತಿನ ತಿರುವು ಎಲ್ಲ ಬೇರೆಯಾಗಿದ್ದರೂ ವ್ಯಕ್ತಿ ಒಬ್ಬರೇ ಎಂದು ಹೇಳಬಲ್ಲ ಅಳತೆ ಬೇಕು.

2017ರಲ್ಲಿ ಮೊದಲು ಹಬ್ಬಿದ ಡೀಪ್‌ಫೇಕ್ ವಿಧಾನ ಈ ತೊಡಕನ್ನು ಬೇರೆ ರೀತಿಯಲ್ಲಿ ದಾಟಿತ್ತು. ಅಲ್ಲಿ ಪ್ರತಿಯೊಬ್ಬ ವ್ಯಕ್ತಿಗೂ ಮುಖ ಬಿಡಿಸುವ ಪ್ರತ್ಯೇಕ ಭಾಗವೊಂದು ಇರುತ್ತಿತ್ತು. ಅದು ಆ ಒಬ್ಬರ ಮುಖವನ್ನು ಬಿಟ್ಟರೆ ಇನ್ನೊಂದನ್ನು ಬಿಡಿಸಲಾರದು. ಹಾಗಾಗಿ ಗುರುತು ತಪ್ಪುವ ಪ್ರಶ್ನೆಯೇ ಹೆಚ್ಚಾಗಿ ಏಳುತ್ತಿರಲಿಲ್ಲ. ಆದರೆ ಆ ವ್ಯಕ್ತಿಯ ಬಹಳಷ್ಟು ಫೋಟೊ ಬೇಕು, ವ್ಯಕ್ತಿ ಬದಲಾದಾಗೆಲ್ಲ ಹೊಸದಾಗಿ ಕಲಿಸಬೇಕು. ಎಂದೂ ನೋಡದವರ ಒಂದೇ ಫೋಟೊ ಕೊಟ್ಟರೂ ಮುಖ ಬದಲಿಸುವ ಒಂದೇ ಮಾಡೆಲ್ ಬೇಕೆಂದಾಗ ಗುರುತಿನ ಲೆಕ್ಕವನ್ನು ಹೊರಗಿನಿಂದ ತರಬೇಕಾಯಿತು.

ಆ ಲೆಕ್ಕ ಬಂದದ್ದು ಮುಖ ಗುರುತಿಸುವ ತಂತ್ರಜ್ಞಾನದಿಂದ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಜಿಯಾನ್‌ಕಾಂಗ್ ಡೆಂಗ್ ಮತ್ತು ಸಂಗಡಿಗರು 2018ರಲ್ಲಿ ಹೊರತಂದ ಆರ್ಕ್‌ಫೇಸ್ ಇದರಲ್ಲಿ ಬಹಳ ಬಳಕೆಯಲ್ಲಿದೆ. ಅದಕ್ಕೆ ಮುಖದ ಫೋಟೊವನ್ನು ನೇರ ಮಾಡಿ, 112 ಬಿಂದು ಅಗಲ 112 ಬಿಂದು ಎತ್ತರಕ್ಕೆ ಕತ್ತರಿಸಿ ಕೊಡಬೇಕು. ಎರಡು ಕಣ್ಣು, ಮೂಗಿನ ತುದಿ, ಬಾಯಿಯ ಎರಡು ಅಂಚು, ಈ ಐದು ಗುರುತುಗಳು ಪ್ರತಿ ಫೋಟೊದಲ್ಲೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಕೂರುವಂತೆ ಕತ್ತರಿಸುತ್ತಾರೆ. ಆರ್ಕ್‌ಫೇಸ್ ಆ ಚಿತ್ರವನ್ನು 512 ಸಂಖ್ಯೆಗಳಾಗಿ ಬದಲಿಸಿಕೊಡುತ್ತದೆ.

ಈ 512 ಸಂಖ್ಯೆಗಳಲ್ಲಿ ಇದು ಮೂಗಿನದು, ಅದು ಹುಬ್ಬಿನದು ಎಂದು ಬೆರಳಿಟ್ಟು ತೋರಿಸಲಾಗದು. ಎಲ್ಲ ಸೇರಿ ಒಂದು ದಿಕ್ಕನ್ನು ಸೂಚಿಸುತ್ತವೆ. ಎರಡು ಸಂಖ್ಯೆಗಳಿದ್ದರೆ ಕಾಗದದ ಮೇಲೆ ಒಂದು ಗೆರೆ ಎಳೆದು ದಿಕ್ಕು ತೋರಿಸಬಹುದು. 512 ಇದ್ದರೂ ಗಣಿತ ಅದೇ. ಆರ್ಕ್‌ಫೇಸ್ ಕಲಿಯುವಾಗಲೇ ಒಬ್ಬರ ಎಲ್ಲ ಫೋಟೊಗಳ ಗೆರೆಗಳು ಒಂದೇ ಕಡೆ ಒತ್ತಾಗಿ ಸೇರುವಂತೆ, ಬೇರೆಬೇರೆಯವರ ಗೆರೆಗಳ ನಡುವೆ ಕೋನದ ಅಂತರ ಉಳಿಯುವಂತೆ ಒತ್ತಾಯ ಹೇರಿರುತ್ತಾರೆ. ಹೀಗಾಗಿ ಇಬ್ಬರು ಒಬ್ಬರೇನಾ ಎಂಬ ಪ್ರಶ್ನೆ ಎರಡು ಗೆರೆಗಳ ನಡುವಿನ ಕೋನ ಎಷ್ಟು ಎಂಬ ಪ್ರಶ್ನೆಗೆ ಇಳಿಯುತ್ತದೆ. ಅದನ್ನು ಕೊಸೈನ್‌ನಲ್ಲಿ ಅಳೆಯುತ್ತಾರೆ. ಪೂರ್ತಿ ಒಂದೇ ದಿಕ್ಕಾದರೆ 1, ಒಂದಕ್ಕೊಂದು ಲಂಬವಾದರೆ 0. ಸಂಬಂಧವೇ ಇಲ್ಲದ ಇಬ್ಬರ ಫೋಟೊ ಕೊಟ್ಟರೆ ಉತ್ತರ ಸಾಮಾನ್ಯವಾಗಿ ಸೊನ್ನೆಯ ಆಸುಪಾಸಿನಲ್ಲಿರುತ್ತದೆ. ಒಬ್ಬರದೇ ಎರಡು ಒಳ್ಳೆಯ ಫೋಟೊ ಕೊಟ್ಟರೆ ಅದಕ್ಕಿಂತ ಸಾಕಷ್ಟು ಮೇಲಿರುತ್ತದೆ, ಆದರೆ 1 ಮುಟ್ಟುವುದಿಲ್ಲ. ಬೆಳಕು, ವಯಸ್ಸು, ಕೋನ ಬದಲಾದಂತೆ ನಾವೂ ಸ್ವಲ್ಪ ಸ್ವಲ್ಪ ಬೇರೆಯಾಗಿಯೇ ಕಾಣುತ್ತೇವೆ.

ಐಡೆಂಟಿಟಿ ಲಾಸ್‌ನ ಸೂತ್ರ ಒಂದೇ ಸಾಲು:

```
L_id = 1 - cos(v_R, v_S)
```

ಇಲ್ಲಿ `v_S` ಎಂದರೆ ಸೋರ್ಸ್ ಫೋಟೊದ 512 ಸಂಖ್ಯೆಗಳು, `v_R` ಎಂದರೆ ಮಾಡೆಲ್ ತಯಾರಿಸಿದ ಚಿತ್ರದ 512 ಸಂಖ್ಯೆಗಳು. ಕೊಸೈನ್ 1ರ ಕಡೆಗೆ ಹೋದಷ್ಟೂ ತಪ್ಪು ಸೊನ್ನೆಯ ಕಡೆಗೆ ಇಳಿಯುತ್ತದೆ.

ಈಗ ಮೇಷ್ಟ್ರ ಫೋಟೊವನ್ನು ಸಿಮ್‌ಸ್ವಾಪ್ ಒಳಗೆ ಒಂದು ಸುತ್ತು ಕಳಿಸೋಣ. ಅವರ ಫೋಟೊ ಮೊದಲು ಆರ್ಕ್‌ಫೇಸ್‌ಗೆ ಹೋಗಿ 512 ಸಂಖ್ಯೆಗಳಾಗುತ್ತದೆ. ಮೇಷ್ಟ್ರಿಂದ ಮಾಡೆಲಿಗೆ ಸಿಗುವುದು ಇಷ್ಟೇ. ಫೋಟೊದ ಬಿಂದುಗಳು ನೇರವಾಗಿ ಒಳಗೆ ಹೋಗುವುದಿಲ್ಲ. ಇನ್ನೊಂದು ಕಡೆ ಯುವಕನ ಫೋಟೊವನ್ನು ಎನ್‌ಕೋಡರ್ ಎಂಬ ಭಾಗ ಕುಗ್ಗಿಸಿ, ಅದರ ಕೋನ, ಬೆಳಕು, ನಗು, ಹಿನ್ನೆಲೆಗಳನ್ನು ತನ್ನದೇ ರೂಪದಲ್ಲಿ ಹಿಡಿದಿಡುತ್ತದೆ. ನಡುವೆ 9 ಹಂತಗಳಲ್ಲಿ ಮೇಷ್ಟ್ರ ಸಂಖ್ಯೆಗಳು ಈ ಮಾಹಿತಿಯನ್ನು ಮತ್ತೆ ಮತ್ತೆ ತಿರುಚುತ್ತವೆ: ಯಾವ ಲಕ್ಷಣ ಹಿಗ್ಗಬೇಕು, ಯಾವುದು ಕುಗ್ಗಬೇಕು ಎಂದು ಅವೇ ನಿರ್ಧರಿಸುತ್ತವೆ. ಕೊನೆಗೆ ಡಿಕೋಡರ್ ಎಂಬ ಭಾಗ ಅದನ್ನು ಮತ್ತೆ ಚಿತ್ರವಾಗಿ ಬಿಡಿಸುತ್ತದೆ.

ಹೊರಬಂದ ಚಿತ್ರವನ್ನು 112ಕ್ಕೆ ಕುಗ್ಗಿಸಿ ಆರ್ಕ್‌ಫೇಸ್‌ಗೆ ತೋರಿಸುತ್ತಾರೆ. ಲೆಕ್ಕ ಹೇಗೆ ಸಾಗುತ್ತದೆ ಎಂದು ನೋಡಲು ಕಲಿಕೆಯ ಆರಂಭದಲ್ಲಿ ಕೊಸೈನ್ 0.12 ಬಂತು ಎಂದಿಟ್ಟುಕೊಳ್ಳಿ. ಕೋನದಲ್ಲಿ ಅದು ಸುಮಾರು 83 ಡಿಗ್ರಿ, ಅಂದರೆ ಅಪರಿಚಿತರಷ್ಟೇ ದೂರ. ಲಾಸ್ 0.88. ಸಿಮ್‌ಸ್ವಾಪ್‌ನ ಪ್ರಬಂಧದಲ್ಲಿ ಈ ಲಾಸ್‌ಗೆ 10ರ ತೂಕ ಕೊಟ್ಟಿದ್ದಾರೆ. ಒಟ್ಟು ತಪ್ಪಿಗೆ ಇದರಿಂದ 8.8 ಸೇರಿತು. ಕಲಿಕೆ ಬಹಳ ದೂರ ಸಾಗಿದ ಮೇಲೆ ಅದೇ ಜೋಡಿಗೆ ಕೊಸೈನ್ 0.55 ಬಂದರೆ ಕೋನ 57 ಡಿಗ್ರಿಗೆ ಇಳಿದಿರುತ್ತದೆ, ಲಾಸ್ 0.45, ತೂಕ ಸೇರಿ 4.5.

ಈ ಅಂಕದಿಂದ ಮಾಡೆಲ್ ಕಲಿಯುವುದು ಹೇಗೆ? ತೀರ್ಪುಗಾರ ‘ಹುಬ್ಬು ಇನ್ನೂ ದಪ್ಪ ಇರಬೇಕು’ ಎಂದು ಮಾತಿನಲ್ಲಿ ಹೇಳುವುದಿಲ್ಲ. 224 ಬಿಂದು ಅಗಲ, 224 ಬಿಂದು ಎತ್ತರ, ಮೂರು ಬಣ್ಣ ಎಂದರೆ ಒಂದು ಚಿತ್ರದಲ್ಲಿ 1,50,528 ಸಂಖ್ಯೆಗಳಿರುತ್ತವೆ. ಅದರಲ್ಲಿ ಒಂದೊಂದನ್ನೂ ಕೂದಲೆಳೆಯಷ್ಟು ಹೆಚ್ಚಿಸಿದರೆ ಅಥವಾ ತಗ್ಗಿಸಿದರೆ ಕೋನ ಕಿರಿದಾಗುತ್ತದೆಯೋ ಹಿರಿದಾಗುತ್ತದೆಯೋ ಎಂಬ ಸೂಚನೆಯನ್ನು ಆರ್ಕ್‌ಫೇಸ್ ಮೂಲಕ ಹಿಂದಕ್ಕೆ ಲೆಕ್ಕ ಹಾಕುತ್ತಾರೆ. ಆ ಸೂಚನೆ ಡಿಕೋಡರನ್ನು ದಾಟಿ ಒಳಗಿನ ಎಲ್ಲ ಹಂತಗಳಿಗೂ ತಲುಪುತ್ತದೆ, ಮಾಡೆಲ್ ತನ್ನನ್ನು ತುಸು ತಿದ್ದಿಕೊಳ್ಳುತ್ತದೆ. ಆರ್ಕ್‌ಫೇಸ್ ಮಾತ್ರ ಬದಲಾಗಬಾರದು. ತೀರ್ಪುಗಾರನನ್ನೂ ಕಲಿಯಲು ಬಿಟ್ಟರೆ ಇಬ್ಬರೂ ಒಳಗೊಳಗೇ ರಾಜಿಯಾಗಿ ಎಲ್ಲ ಮುಖಗಳಿಗೂ ಒಂದೇ ದಿಕ್ಕು ಕೊಟ್ಟುಬಿಡಬಹುದು; ಲಾಸ್ ಸೊನ್ನೆಯಾಗುತ್ತದೆ, ಗುರುತು ಉಳಿಯುವುದಿಲ್ಲ.

ಇಲ್ಲೇ ಹೊಸಬರ ಕೈಲಿ ಒಂದು ತಪ್ಪು ಆಗುತ್ತದೆ. ಆರ್ಕ್‌ಫೇಸ್ ಬದಲಾಗಬಾರದು ಎಂದುಕೊಂಡು ಅದರ ಮೂಲಕ ಸೂಚನೆ ಹಿಂದಕ್ಕೆ ಹರಿಯುವ ದಾರಿಯನ್ನೂ ಮುಚ್ಚಿಬಿಡುತ್ತಾರೆ. ಪೈಟಾರ್ಚ್‌ನಲ್ಲಿ `torch.no_grad()` ಎಂಬ ಒಂದು ಸಾಲನ್ನು ತಪ್ಪು ಜಾಗದಲ್ಲಿ ಬರೆದರೆ ಸಾಕು. ಸೋರ್ಸ್‌ನ ಸಂಖ್ಯೆಗಳಿಗೆ ಆ ದಾರಿ ಬೇಕಾಗಿಲ್ಲ, ತಯಾರಾದ ಚಿತ್ರದ ಸಂಖ್ಯೆಗಳಿಗೆ ಬೇಕೇ ಬೇಕು. ದಾರಿ ಮುಚ್ಚಿದರೂ ಪರದೆಯ ಮೇಲೆ ಐಡೆಂಟಿಟಿ ಲಾಸ್‌ನ ಅಂಕ ಬರುತ್ತಲೇ ಇರುತ್ತದೆ, ದೋಷದ ಸೂಚನೆ ಬರುವುದಿಲ್ಲ. ಉಳಿದ ಲಾಸ್‌ಗಳು ಇಳಿಯುತ್ತವೆ, ಇದೊಂದು ಮಾತ್ರ 0.9ರ ಸುತ್ತ ಗೆರೆ ಎಳೆದ ಹಾಗೆ ನಿಂತಿರುತ್ತದೆ. ಫಲಿತಾಂಶದ ಚಿತ್ರ ತೆರೆದು ನೋಡಿದರೆ ಯುವಕ ಯುವಕನಾಗಿಯೇ ಇರುತ್ತಾನೆ.

ಇನ್ನೊಂದು ಸದ್ದಿಲ್ಲದ ತಪ್ಪು ಕತ್ತರಿಸುವಿಕೆಯಲ್ಲಿದೆ. ಕಣ್ಣು ಮೂಗುಗಳು ಆರ್ಕ್‌ಫೇಸ್ ನಿರೀಕ್ಷಿಸುವ ಜಾಗದಲ್ಲಿ ಇಲ್ಲದಿದ್ದರೆ, ಅಥವಾ ಬಣ್ಣಗಳ ಕ್ರಮ ಅದಲುಬದಲಾಗಿದ್ದರೆ, ಅದು ಕೊಡುವ ಸಂಖ್ಯೆಗಳು ನಂಬಿಕೆಗೆ ಅರ್ಹವಲ್ಲ. ಆದ್ದರಿಂದ ಕಲಿಕೆ ಶುರು ಮಾಡುವ ಮೊದಲು ತೀರ್ಪುಗಾರನನ್ನೇ ಪರೀಕ್ಷಿಸುವುದು ಒಳ್ಳೆಯ ಅಭ್ಯಾಸ. ತಮ್ಮ ಕೋಡ್ ಹೇಗೆ ಕತ್ತರಿಸುತ್ತದೋ ಹಾಗೆಯೇ ಕತ್ತರಿಸಿದ, ಒಬ್ಬರದೇ ಎರಡು ಫೋಟೊ ಕೊಟ್ಟು ನೋಡಬೇಕು, ಬೇರೆ ಇಬ್ಬರದೂ ಕೊಟ್ಟು ನೋಡಬೇಕು. ಎರಡು ಉತ್ತರಗಳ ನಡುವೆ ಎದ್ದು ಕಾಣುವ ಅಂತರ ಇಲ್ಲದಿದ್ದರೆ ಮುಂದಿನ ದಿನಗಳ ಗಣಕದ ಶ್ರಮವೆಲ್ಲ ವ್ಯರ್ಥ.

ಐಡೆಂಟಿಟಿ ಲಾಸ್ ಒಂದೇ ಇದ್ದರೆ ಕೆಲಸ ಆಗುವುದಿಲ್ಲ. ಅದು ಕೇಳುವುದು ‘ಮೇಷ್ಟ್ರೇನಾ?’ ಎಂಬುದನ್ನು ಮಾತ್ರ. ನಗು, ಬಿಸಿಲು, ತಿರುವು ಉಳಿದಿವೆಯೇ ಎಂದು ಅದು ಕೇಳುವುದಿಲ್ಲ. ಅದಕ್ಕೆ ಬೇರೆ ಲಾಸ್‌ಗಳಿವೆ. ಸಿಮ್‌ಸ್ವಾಪ್‌ನಲ್ಲಿ ಒಂದು ಕಂತು ಒಬ್ಬರದೇ ಎರಡು ಫೋಟೊಗಳ ಜೋಡಿಗಳಾದರೆ ಮುಂದಿನ ಕಂತು ಬೇರೆಬೇರೆಯವರ ಜೋಡಿಗಳು. ಸೋರ್ಸ್ ಮತ್ತು ಟಾರ್ಗೆಟ್ ಒಬ್ಬರೇ ಆದಾಗ ಸರಿಯುತ್ತರ ನಮ್ಮ ಕೈಯಲ್ಲಿದೆ: ಫಲಿತಾಂಶ ಟಾರ್ಗೆಟ್ ಫೋಟೊದಂತೆಯೇ ಬರಬೇಕು. ಬೇರೆಬೇರೆಯವರಾದಾಗ ಇನ್ನೊಂದು ಮಾಡೆಲ್ ಫಲಿತಾಂಶವನ್ನೂ ಟಾರ್ಗೆಟ್ಟನ್ನೂ ನೋಡಿ, ನಗು ಮತ್ತು ಕೋನದಂಥ ದೊಡ್ಡ ಲಕ್ಷಣಗಳು ಹೊಂದುತ್ತವೆಯೇ ಎಂದು ಹೋಲಿಸುತ್ತದೆ. ಚರ್ಮದ ನಯ, ಬಿಂದುಗಳ ಮಟ್ಟದ ಸೂಕ್ಷ್ಮ ವಿವರಗಳನ್ನು ಅದು ಬೇಕೆಂದೇ ಹೋಲಿಸುವುದಿಲ್ಲ. ಅಷ್ಟು ಬಿಗಿಯಾಗಿ ಹಿಡಿದರೆ ಮೇಷ್ಟ್ರ ಮುಖ ಬರಲು ಜಾಗವೇ ಉಳಿಯುವುದಿಲ್ಲ. ಈ ಸಡಿಲಿಕೆಯೇ ಆ ಪ್ರಬಂಧದ ಮುಖ್ಯ ಕೊಡುಗೆಗಳಲ್ಲಿ ಒಂದು.

ಹಾಗಾಗಿ ಕಲಿಕೆಯುದ್ದಕ್ಕೂ ಒಂದು ಹಗ್ಗಜಗ್ಗಾಟ ನಡೆಯುತ್ತದೆ. ಗುರುತಿನ ತೂಕವನ್ನು ಪೂರ್ತಿ ತೆಗೆದರೆ ಮಾಡೆಲಿಗೆ ಎಲ್ಲಕ್ಕಿಂತ ಸುಲಭದ ದಾರಿ ಯುವಕನ ಫೋಟೊವನ್ನು ಹಾಗೇ ಹಿಂದಿರುಗಿಸುವುದು. ತೂಕ ಸಾಲದಿದ್ದರೆ ಬರುವ ಮುಖ ಇಬ್ಬರ ನಡುವೆ ಎಲ್ಲೋ ನಿಲ್ಲುತ್ತದೆ. ನೋಡಿದವರು ‘ಮೇಷ್ಟ್ರ ತಮ್ಮನಾ?’ ಎನ್ನುತ್ತಾರೆ, ಯುವಕನನ್ನು ಬಲ್ಲವರು ‘ಅವನ ಅಣ್ಣನಾ?’ ಎನ್ನುತ್ತಾರೆ. ಇದನ್ನು ಅಂಕದಲ್ಲೂ ಹಿಡಿಯಬಹುದು, ಆದರೆ ಅದಕ್ಕೆ ಎರಡು ಕೊಸೈನ್ ಬೇಕು: ಫಲಿತಾಂಶ ಮೇಷ್ಟ್ರಿಗೆ ಎಷ್ಟು ಹತ್ತಿರ, ಯುವಕನಿಗೆ ಎಷ್ಟು ಹತ್ತಿರ. ಎರಡೂ 0.4ರ ಸುಮಾರಿಗೆ ಬಂದರೆ ಚಿತ್ರದಲ್ಲಿರುವುದು ಮೂರನೆಯವರು. ಐಡೆಂಟಿಟಿ ಲಾಸ್ ನೋಡುವುದು ಮೊದಲನೆಯದನ್ನು ಮಾತ್ರ. ಯುವಕ ಎಷ್ಟು ಉಳಿದಿದ್ದಾನೆ ಎಂದು ಅಳೆಯುವುದು ಮಾಡೆಲ್ ಕಟ್ಟುವವರಿಗೆ ಬಿಟ್ಟದ್ದು.

ತೂಕ ಅತಿಯಾದರೆ ಇನ್ನೊಂದು ತರದ ಕೆಡುಕು. ಯುವಕನ ನಗು ಮಾಯವಾಗತೊಡಗುತ್ತದೆ. ಬಾಯಿ ಮುಚ್ಚಿಕೊಳ್ಳುತ್ತದೆ, ನೋಟ ನೇರವಾಗುತ್ತದೆ, ಪಕ್ಕಕ್ಕೆ ತಿರುಗಿದ ತಲೆಯ ಮೇಲೆ ಎದುರುಮುಖದ ಛಾಯೆ ಬಂದು ಕೂರುತ್ತದೆ. ಕಾರಣ ಆ 512 ಸಂಖ್ಯೆಗಳು ಶುದ್ಧ ಗುರುತಲ್ಲ. ಮೇಷ್ಟ್ರ ಆ ಒಂದು ಫೋಟೊದ ನೋಟ, ಬಾಯಿಯ ಭಾವ, ಕನ್ನಡಕ ಇದ್ದರೆ ಅದರ ನೆರಳು, ಎಲ್ಲದರ ಪಸೆಯೂ ಅವುಗಳಲ್ಲಿ ಅಂಟಿಕೊಂಡಿರುತ್ತದೆ. ಒಬ್ಬರದೇ ಬೇರೆಬೇರೆ ಫೋಟೊಗಳ ನಡುವೆಯೂ ಕೊಸೈನ್ 1 ಬರುವುದಿಲ್ಲ ಎಂದು ಮೊದಲೇ ಹೇಳಿದೆನಲ್ಲ, ಆ ಉಳಿದ ಅಂತರದಲ್ಲಿ ಇವೇ ಇರುವುದು. ಮಾಡೆಲನ್ನು 1ರ ಕಡೆಗೆ ಅಟ್ಟಿದಷ್ಟೂ ಅದು ಮೇಷ್ಟ್ರನ್ನು ಬಿಟ್ಟು ಮೇಷ್ಟ್ರ ಪಾಸ್‌ಪೋರ್ಟ್ ಫೋಟೊವನ್ನು ನಕಲು ಮಾಡಲು ಹೊರಡುತ್ತದೆ. ಹಲವು ಫೋಟೊಗಳ ಸಂಖ್ಯೆಗಳ ಸರಾಸರಿ ತೆಗೆದು ಸೋರ್ಸ್ ಆಗಿ ಕೊಟ್ಟರೆ ಈ ಪಸೆ ಸ್ವಲ್ಪ ತೆಳುವಾಗುತ್ತದೆ. ಪೂರ್ತಿ ಹೋಗುವುದಿಲ್ಲ.

ಈ ಜಗ್ಗಾಟದ ಫಲ ಪ್ರಕಟಿತ ಅಂಕಗಳಲ್ಲೇ ಕಾಣುತ್ತದೆ. ಇದೇ ಕ್ಷೇತ್ರದ ಇನ್ನೊಂದು ಹೆಸರಾಂತ ಮಾಡೆಲ್ ಫೇಸ್‌ಶಿಫ್ಟರ್. ಎರಡನ್ನೂ ಫೇಸ್‌ಫೊರೆನ್ಸಿಕ್ಸ್ ಎಂಬ ವಿಡಿಯೊ ಸಂಗ್ರಹದ ಮೇಲೆ ಪರೀಕ್ಷಿಸಿದ್ದಾರೆ. ಪರೀಕ್ಷೆಯ ರೀತಿ ಇದು: ಮುಖ ಬದಲಿಸಿದ ಚಿತ್ರವೊಂದನ್ನು ಕೊಟ್ಟು, ಇದು ಯಾರ ಮುಖಕ್ಕೆ ಎಲ್ಲಕ್ಕಿಂತ ಹತ್ತಿರ ಎಂದು ಇಡೀ ಸಂಗ್ರಹದಲ್ಲಿ ಹುಡುಕಿಸುವುದು, ಸರಿಯಾದ ಸೋರ್ಸ್ ಸಿಕ್ಕರೆ ಗೆದ್ದಂತೆ. ಸಿಮ್‌ಸ್ವಾಪ್ ಪ್ರಬಂಧದ ಕೋಷ್ಟಕದ ಪ್ರಕಾರ ಫೇಸ್‌ಶಿಫ್ಟರ್ ನೂರಕ್ಕೆ 97.38ರಷ್ಟು ಸಲ ಗೆದ್ದಿತು, ಸಿಮ್‌ಸ್ವಾಪ್ 92.83. ಆದರೆ ತಲೆಯ ತಿರುವು ಟಾರ್ಗೆಟ್‌ನಿಂದ ಎಷ್ಟು ತಪ್ಪಿತು ಎಂಬ ಇನ್ನೊಂದು ಅಳತೆಯಲ್ಲಿ ಫೇಸ್‌ಶಿಫ್ಟರ್‌ನ ತಪ್ಪು 2.96, ಸಿಮ್‌ಸ್ವಾಪ್‌ನದು 1.53. ಒಂದು ವ್ಯಕ್ತಿಯನ್ನು ಹೆಚ್ಚು ಉಳಿಸಿತು, ಇನ್ನೊಂದು ದೃಶ್ಯವನ್ನು ಹೆಚ್ಚು ಉಳಿಸಿತು. ಗುರುತಿನ ಅಂಕವೊಂದನ್ನೇ ಜಾಹೀರಾತಿನಂತೆ ಮುಂದಿಟ್ಟವರನ್ನು ಕಂಡರೆ ನಾನು ತಿರುವಿನ ತಪ್ಪು ಎಷ್ಟು ಎಂದೂ ಕೇಳುತ್ತೇನೆ.

ಆ ಪರೀಕ್ಷೆಯಲ್ಲಿ ಇನ್ನೊಂದು ಎಚ್ಚರಿಕೆ ಇದೆ, ನನಗೆ ಅದೇ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಕಲಿಸಿದ್ದು ಆರ್ಕ್‌ಫೇಸ್, ಆದರೆ ಪರೀಕ್ಷೆಗೆ ಕೂರಿಸಿದ್ದು ಕಾಸ್‌ಫೇಸ್ ಎಂಬ ಬೇರೆ ಮಾಡೆಲನ್ನು. ಹೀಗೇಕೆ? ಆರ್ಕ್‌ಫೇಸ್‌ನಿಂದ ಅಂಕ ಪಡೆಯಲು ಲಕ್ಷಾಂತರ ಸಲ ಯತ್ನಿಸಿದ ಮಾಡೆಲಿಗೆ ಅದರ ದೌರ್ಬಲ್ಯಗಳೂ ಗೊತ್ತಾಗಿಬಿಡುತ್ತವೆ. ಮನುಷ್ಯರ ಕಣ್ಣಿಗೆ ಕಾಣದಷ್ಟು ನವಿರಾದ ಗೆರೆ ಕಲೆಗಳನ್ನು ಚರ್ಮದಲ್ಲಿ ಬೆರೆಸಿದರೆ ಆರ್ಕ್‌ಫೇಸ್‌ನ ಕೋನ ಕಿರಿದಾಗುತ್ತದೆ, ಮುಖ ಮಾತ್ರ ಮೇಷ್ಟ್ರದಾಗಿರುವುದಿಲ್ಲ. ಮೋಸ ಮಾಡುವ ಉದ್ದೇಶ ಮಾಡೆಲಿಗೆ ಇರುವುದಿಲ್ಲ. ಅಂಕ ಇಳಿಸು ಎಂದು ಹೇಳಿದ್ದೆವು, ಅದು ಅಂಕ ಇಳಿಸಿದೆ. ಗೊತ್ತಾಗುವುದು ಹೇಗೆಂದರೆ, ಕಲಿಸಿದ ತೀರ್ಪುಗಾರನ ಅಂಕ ಏರುತ್ತಲೇ ಇರುತ್ತದೆ, ಹೊರಗಿನ ತೀರ್ಪುಗಾರನ ಅಂಕ ಒಂದು ಹಂತದಲ್ಲಿ ನಿಂತುಬಿಡುತ್ತದೆ ಅಥವಾ ಇಳಿಯುತ್ತದೆ. ಆ ಎರಡು ಗೆರೆಗಳು ಕವಲೊಡೆದ ಜಾಗದಿಂದ ಮುಂದಿನ ಕಲಿಕೆಯೆಲ್ಲ ಆರ್ಕ್‌ಫೇಸ್‌ಗಾಗಿ ನಡೆದದ್ದು, ಮೇಷ್ಟ್ರಿಗಾಗಿ ಅಲ್ಲ. ಜೊತೆಗೆ ಮೇಷ್ಟ್ರನ್ನು ಬಲ್ಲ ಒಬ್ಬರ ಕಣ್ಣೂ ಬೇಕು. ಅಂಕ ಚೆನ್ನಾಗಿದೆ ಎಂದು ಆ ಕಣ್ಣನ್ನು ಕೈಬಿಟ್ಟ ತಂಡಗಳು ಯಾರಿಗೂ ಪರಿಚಯವಿಲ್ಲದ ಮುಖಗಳನ್ನು ತಯಾರಿಸುತ್ತವೆ.

ತೀರ್ಪುಗಾರನಿಗೆ ಕಾಣದೇ ಇರುವುದನ್ನು ಐಡೆಂಟಿಟಿ ಲಾಸ್ ಕಾಪಾಡಲಾರದು. 112 ಬಿಂದುಗಳ ಆ ಸಣ್ಣ ಚೌಕದಲ್ಲಿ ಕಣ್ಣು, ಮೂಗು, ಬಾಯಿ ಚೆನ್ನಾಗಿ ಕಾಣುತ್ತವೆ. ಕೆನ್ನೆಯ ಅಂಚು, ದವಡೆ, ಗದ್ದದ ತುದಿ ಕತ್ತರಿಯ ಹತ್ತಿರ ಬರುತ್ತವೆ, ಹಣೆಯ ಮೇಲ್ಭಾಗ ಮತ್ತು ಕೂದಲು ಹೆಚ್ಚುಕಡಿಮೆ ಹೊರಗೇ ಉಳಿಯುತ್ತವೆ. ಮೇಷ್ಟ್ರದು ಕೋಲುಮುಖ, ಯುವಕನದು ದುಂಡುಮುಖ ಆಗಿದ್ದರೆ ಫಲಿತಾಂಶದಲ್ಲಿ ಮೇಷ್ಟ್ರ ಕಣ್ಣುಮೂಗು ದುಂಡುಮುಖದ ಚೌಕಟ್ಟಿನೊಳಗೆ ಬಂದು ಕೂರುತ್ತವೆ. ಅಂಕ ಚೆನ್ನಾಗಿಯೇ ಇರುತ್ತದೆ. ಆದರೆ ನಾವು ದೂರದಿಂದ ನಡೆದು ಬರುವವರನ್ನು ಗುರುತಿಸುವುದರಲ್ಲಿ ಮುಖದ ಆಕಾರದ ಪಾಲು ದೊಡ್ಡದು, ಹಾಗಾಗಿ ಮನೆಯವರಿಗೆ ಕೂಡಲೇ ಅನುಮಾನ ಬರುತ್ತದೆ. 2021ರಲ್ಲಿ ಟೆನ್ಸೆಂಟ್‌ನ ಸಂಶೋಧಕರು ಹೈಫೈಫೇಸ್ ಎಂಬ ಮಾಡೆಲಿನಲ್ಲಿ ಇದಕ್ಕೊಂದು ಪರಿಹಾರ ಹುಡುಕಿದರು. ಫೋಟೊದಿಂದ ಮೂರು ಆಯಾಮದ ಮುಖವೊಂದನ್ನು ಅಂದಾಜಿಸಿ, ಅದರಲ್ಲಿ ಸೋರ್ಸ್‌ನ ಮುಖದ ಆಕಾರಕ್ಕೆ ಟಾರ್ಗೆಟ್‌ನ ಭಾವ ಮತ್ತು ತಿರುವನ್ನು ಜೋಡಿಸಿದರು. ಗದ್ದ, ದವಡೆಗಳ ಗುರುತುಗಳು ಎಲ್ಲಿ ಬರಬೇಕು ಎಂದು ಅದರಿಂದ ತಿಳಿಯುತ್ತದೆ. ಫಲಿತಾಂಶದ ಗುರುತುಗಳು ಅಲ್ಲಿಂದ ಎಷ್ಟು ದೂರ ಇವೆ ಎಂಬುದೂ ಗುರುತಿನ ಲೆಕ್ಕಕ್ಕೆ ಸೇರಿತು.

ಚಿಕ್ಕ ಗುರುತುಗಳದು ಇನ್ನೊಂದು ಕತೆ. ಮೇಷ್ಟ್ರ ಎಡಗೆನ್ನೆಯ ಮೇಲೊಂದು ಕಪ್ಪು ಮಚ್ಚೆ ಇದೆ ಎಂದುಕೊಳ್ಳಿ. ಅದಿಲ್ಲದ ಮೇಷ್ಟ್ರನ್ನು ಅವರ ಹೆಂಡತಿ ಒಪ್ಪಲಿಕ್ಕಿಲ್ಲ. ಮುಖ ಗುರುತಿಸುವ ಮಾಡೆಲಿಗೆ ಮಾತ್ರ ಮಚ್ಚೆ ಇದ್ದರೂ ಇಲ್ಲದಿದ್ದರೂ ವ್ಯಕ್ತಿ ಅವರೇ. ಕೊಳೆ, ನೆರಳು, ಬೊಟ್ಟು, ವಿಭೂತಿ ಯಾವುದಕ್ಕೂ ಕಂಗೆಡದೆ ಗುರುತಿಸುವುದು ಅದಕ್ಕೆ ಕಲಿಸಿದ ವಿದ್ಯೆ. ಹೀಗಾಗಿ ಮಚ್ಚೆಯ ಮಾಹಿತಿ ಆ 512 ಸಂಖ್ಯೆಗಳಲ್ಲಿ ಸ್ಪಷ್ಟವಾಗಿ ಉಳಿಯುವುದಿಲ್ಲ, ಉಳಿಯದ್ದು ಫಲಿತಾಂಶದಲ್ಲಿ ಬರುವುದಿಲ್ಲ. ಹಳೆಯ ಗಾಯದ ಗುರುತು, ಸಿಡುಬಿನ ಕಲೆ, ಹಣೆಯ ಸುಕ್ಕುಗಳಿಗೂ ಹೀಗೇ ಆಗುತ್ತದೆ. ಈ ಮಾಡೆಲ್‌ಗಳು ಕೊಡುವ ಮುಖಗಳು ಸ್ವಲ್ಪ ನುಣುಪಾಗಿ, ಬದುಕಿನ ಗೀರುಗಳು ಅಳಿಸಿದಂತೆ ಕಾಣುವುದಕ್ಕೆ ಇದೂ ಒಂದು ಕಾರಣ.

ಇನ್ನೂ ಆಳದ ಮಿತಿಯೊಂದಿದೆ. ತೀರ್ಪುಗಾರ ಎಲ್ಲರ ಮುಖಗಳನ್ನೂ ಒಂದೇ ಸೂಕ್ಷ್ಮತೆಯಿಂದ ನೋಡುವುದಿಲ್ಲ. ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2019ರಲ್ಲಿ 189 ಮುಖ ಗುರುತಿಸುವ ಅಲ್ಗಾರಿದಮ್‌ಗಳನ್ನು ಪರೀಕ್ಷಿಸಿ ವರದಿ ಕೊಟ್ಟಿತು. ಇಬ್ಬರು ಬೇರೆಯವರನ್ನು ಒಬ್ಬರೇ ಎಂದು ತಪ್ಪಾಗಿ ಹೇಳುವ ಪ್ರಮಾಣ ಒಂದು ಜನಸಮುದಾಯಕ್ಕೂ ಇನ್ನೊಂದಕ್ಕೂ ಹಲವು ಅಲ್ಗಾರಿದಮ್‌ಗಳಲ್ಲಿ 10ರಿಂದ 100 ಪಟ್ಟಿನವರೆಗೆ ಬೇರೆಯಾಗಿತ್ತು. ಯಾವ ಸಮುದಾಯದ ಮುಖಗಳನ್ನು ತೀರ್ಪುಗಾರ ಚೆನ್ನಾಗಿ ಬಿಡಿಸಿ ನೋಡಲಾರದೋ ಆ ಸಮುದಾಯದವರ ವಿಷಯದಲ್ಲಿ ಐಡೆಂಟಿಟಿ ಲಾಸ್ ಬೇಗ ತೃಪ್ತಿಪಟ್ಟುಕೊಳ್ಳುತ್ತದೆ. ‘ಇಂಥ ಊರಿನವರ ಹಾಗೆ’ ಕಾಣುವ ಮುಖ ಬಂದರೂ ಅದು ಒಳ್ಳೆಯ ಅಂಕ ಕೊಟ್ಟುಬಿಡುತ್ತದೆ. ನಮ್ಮವರ ಮುಖಗಳ ಮೇಲೆ ಇಂಥ ಮಾಡೆಲ್ ಬಳಸುವವರು ಆರ್ಕ್‌ಫೇಸ್ ತರದ ತೀರ್ಪುಗಾರನನ್ನು ಮೊದಲು ನಮ್ಮವರ ಫೋಟೊಗಳ ಮೇಲೇ ಪರೀಕ್ಷಿಸಬೇಕು. ಅಣ್ಣತಮ್ಮಂದಿರ ಫೋಟೊ, ಅಕ್ಕತಂಗಿಯರ ಫೋಟೊ ಕೊಟ್ಟು ಕೊಸೈನ್ ಎಷ್ಟು ಬರುತ್ತದೆ ಎಂದು ನೋಡಿದರೆ ಅದರ ಕಣ್ಣು ಎಷ್ಟು ಚುರುಕು ಎಂಬ ಅಂದಾಜು ಸಿಗುತ್ತದೆ.

ಗುರುತನ್ನು ಇಷ್ಟು ಜತನದಿಂದ ಕಾಪಾಡುವ ಲೆಕ್ಕ ಆ ವ್ಯಕ್ತಿಯ ಒಪ್ಪಿಗೆಯನ್ನು ಮಾತ್ರ ಎಲ್ಲೂ ಕೇಳುವುದಿಲ್ಲ. 2023ರ ನವೆಂಬರ್‌ನಲ್ಲಿ ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಮಹಿಳೆಯ ವಿಡಿಯೊಗೆ ಅಂಟಿಸಿ ಹರಡಿದಾಗ ಅನ್ಯಾಯ ಆದದ್ದು ಇಬ್ಬರಿಗೆ: ಮುಖ ಕಳಕೊಂಡವರಿಗೆ, ಮೈ ಕಳಕೊಂಡವರಿಗೆ. ಮುಖ ತೋರಿಸಿ ಗುರುತು ಖಚಿತಪಡಿಸುವ ವ್ಯವಸ್ಥೆಗಳಿಗೂ ಇದು ನೇರ ಅಪಾಯ. ಅಲ್ಲಿ ಕೂತಿರುವ ತೀರ್ಪುಗಾರರೂ ಆರ್ಕ್‌ಫೇಸ್‌ನಂತೆ ಸಂಖ್ಯೆಗಳ ದಿಕ್ಕನ್ನೇ ಹೋಲಿಸುವವರು, ಐಡೆಂಟಿಟಿ ಲಾಸ್ ಕಲಿಸಿದ್ದೂ ಅಂಥವರಿಂದ ಹೌದೆನ್ನಿಸಿಕೊಳ್ಳುವುದನ್ನೇ. ಆದ್ದರಿಂದಲೇ ಕ್ಯಾಮೆರಾ ಮುಂದಿರುವುದು ಜೀವಂತ ವ್ಯಕ್ತಿಯೇ ಎಂಬ ಪ್ರತ್ಯೇಕ ಪರೀಕ್ಷೆ ಅಲ್ಲಿ ಇರಲೇಬೇಕು. ಮುಖದ ಹೋಲಿಕೆಯೊಂದೇ ಸಾಲದು.

ಇದೇ ಲೆಕ್ಕವನ್ನು ತಿರುಗಿಸಿ ಹಾಕಿದರೆ ಅದು ಜನರನ್ನು ಕಾಪಾಡಲೂ ಬರುತ್ತದೆ. ಚೆಚೆನ್ಯಾದಲ್ಲಿ ಕಿರುಕುಳಕ್ಕೆ ಸಿಕ್ಕಿ ತಪ್ಪಿಸಿಕೊಂಡು ಬಂದ ಸಲಿಂಗಿಗಳ ಕುರಿತು ಡೇವಿಡ್ ಫ್ರಾನ್ಸ್ 2020ರಲ್ಲಿ ‘ವೆಲ್‌ಕಮ್ ಟು ಚೆಚೆನ್ಯಾ’ ಎಂಬ ಸಾಕ್ಷ್ಯಚಿತ್ರ ತೆಗೆದಾಗ, ಅವರ ಮುಖಗಳ ಮೇಲೆ ತಾವಾಗಿ ಮುಂದೆ ಬಂದ ಸ್ವಯಂಸೇವಕರ ಮುಖಗಳನ್ನು ಕೂರಿಸಲಾಯಿತು. ಅಳು, ಹೆದರಿಕೆ, ಕಣ್ಣು ತಪ್ಪಿಸುವ ರೀತಿ ಅವರದೇ ಉಳಿಯಿತು; ಊರಿನವರು ಗುರುತು ಹಿಡಿಯುವ ಮುಖ ಉಳಿಯಲಿಲ್ಲ. ಅದಕ್ಕೂ ಒಂದು ವರ್ಷ ಮೊದಲು, 2019ರಲ್ಲಿ, ಓರಾನ್ ಗಫ್ನಿ, ಲಿಯೊರ್ ವುಲ್ಫ್, ಯಾನಿವ್ ಟೈಗ್‌ಮನ್ ಎಂಬ ಸಂಶೋಧಕರು ವಿಡಿಯೊದಲ್ಲಿರುವವರ ಗುರುತನ್ನು ಮರೆಮಾಡುವ ಮಾಡೆಲೊಂದನ್ನು ಪ್ರಕಟಿಸಿದ್ದರು. ಅಲ್ಲಿ ತುಟಿಯ ಚಲನೆ, ಬೆಳಕು, ಭಾವ ಹಾಗೇ ಇರಬೇಕು, ಮುಖ ಗುರುತಿಸುವ ಮಾಡೆಲಿನ ಅಳತೆಯಲ್ಲಿ ಫಲಿತಾಂಶ ಮೂಲ ವ್ಯಕ್ತಿಯಿಂದ ದೂರ ಸರಿಯಬೇಕು. ಸಿಮ್‌ಸ್ವಾಪ್‌ನಲ್ಲಿ ಕಿರಿದು ಮಾಡಲು ಹೆಣಗುವ ಕೋನವನ್ನು ಇಲ್ಲಿ ಹಿರಿದು ಮಾಡುತ್ತಾರೆ. ಎಷ್ಟು ಹಿರಿದಾದರೆ ಸಾಕು ಎಂಬುದನ್ನು ಇಲ್ಲೂ ಒಬ್ಬ ತೀರ್ಪುಗಾರನನ್ನು ನಂಬಿ ನಿರ್ಧರಿಸಲಾಗದು: ಒಂದು ಮಾಡೆಲಿಗೆ ಸಿಗದ ಗುರುತು ಇನ್ನೊಂದಕ್ಕೆ ಸಿಗಬಹುದು, ಎರಡಕ್ಕೂ ಸಿಗದ್ದು ಒಡಹುಟ್ಟಿದವರ ಕಣ್ಣಿಗೆ ಸಿಗಬಹುದು. ಫೇಸ್ ಸ್ವಾಪ್‌ನಲ್ಲಿ ಈ ಅಂತರದಿಂದ ಒಂದು ಚಿತ್ರ ಕೆಡುತ್ತದೆ. ತಲೆಮರೆಸಿಕೊಂಡು ಬದುಕುತ್ತಿರುವವರ ವಿಷಯದಲ್ಲಿ ಅದರಿಂದ ಒಂದು ಜೀವ ಅಪಾಯಕ್ಕೆ ಸಿಕ್ಕಬಹುದು.